ನಮ್ಮ ಮನೆಗೆ ಯಾಕೆ ಯಾರೂ ಬರಲಿಲ್ಲ?

ಆರೋಗ್ಯದ್ದೋ ಉದ್ಯೋಗದ್ದೋ ಸರ್ಕಾರಿ ಸಮೀಕ್ಷೆಯ ಅಂಕಿಅಂಶ ಪತ್ರಿಕೆಯಲ್ಲಿ ಬಂದ ದಿನ ಒಂದು ಮಾತು ಕೇಳಿಬರುವುದು ಖಂಡಿತ: "ನಮ್ಮ ಮನೆಗೆ ಯಾರೂ ಬಂದೇ ಇಲ್ಲವಲ್ಲ, ಇದನ್ನೆಲ್ಲ ಯಾರನ್ನು ಕೇಳಿ ಬರೆದರು?" ಕೇಳುವವರಲ್ಲಿ ತಪ್ಪಿಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಿಂದ ಮಾತಾಡಿಸಿದ್ದು 26,574 ಕುಟುಂಬಗಳನ್ನು. 2011ರ ಜನಗಣತಿಯ ಲೆಕ್ಕದಲ್ಲಿ ರಾಜ್ಯದಲ್ಲಿದ್ದದ್ದು ಸುಮಾರು 1.3 ಕೋಟಿ ಕುಟುಂಬಗಳು. ಅಂದರೆ ಹೆಚ್ಚುಕಡಿಮೆ ಐನೂರು ಮನೆಗೆ ಒಂದು. ರಕ್ತಹೀನತೆ ಇರುವ ಹೆಂಗಸರೆಷ್ಟು, ಲಸಿಕೆ ಪೂರ್ತಿಯಾದ ಮಕ್ಕಳೆಷ್ಟು, ಹೊಗೆಯ ಒಲೆ ಬಿಟ್ಟ ಮನೆಗಳೆಷ್ಟು ಎಂದು ರಾಜ್ಯದ ಬಗ್ಗೆ ಹೇಳಿದ್ದೆಲ್ಲ ಈ ಐನೂರಕ್ಕೊಂದು ಮನೆಯ ಬಾಯಿಂದ ಬಂದದ್ದು.

ಹಾಗೆ ಹೇಳಲು ಸಮೀಕ್ಷೆಗೆ ಹಕ್ಕು ಬರುವುದು ಮನೆಗಳ ಸಂಖ್ಯೆಯಿಂದ ಎಂದು ಬಹಳ ಜನ ಭಾವಿಸಿದ್ದಾರೆ. ಸಮಾಜಶಾಸ್ತ್ರದ ವಿದ್ಯಾರ್ಥಿಗಳೂ ಮೊದಲು ಕೇಳುವ ಪ್ರಶ್ನೆ "ಎಷ್ಟು ಜನ ಆದರೆ ಸಾಕು ಸಾರ್?" ಎಂಬುದೇ. ಅದಕ್ಕಿಂತ ಮುಂಚೆ ಕೇಳಬೇಕಾದ್ದು, ಆ ಮನೆಯನ್ನು ಆರಿಸಿದ್ದು ಯಾರು, ಯಾವ ಪಟ್ಟಿಯಿಂದ, ಯಾವ ನಿಯಮದ ಮೇಲೆ ಎಂಬುದು. ಬಾಗಿಲು ತಟ್ಟುವವರ ಇಷ್ಟಾನಿಷ್ಟಕ್ಕೆ ಒಂದಿಷ್ಟೂ ಜಾಗ ಇಲ್ಲದಂತೆ ಮನೆ ಆರಿಸುವುದು ಹೇಗೆ ಎಂಬುದೇ ಇಡೀ ಶಾಸ್ತ್ರದ ತಿರುಳು. ಆ ಸಮೀಕ್ಷೆಯ ದಾರಿಯಲ್ಲೇ ಒಂದು ಹಳ್ಳಿಯವರೆಗೆ ನಡೆದರೆ ಇದು ಕಣ್ಣಿಗೆ ಕಟ್ಟುತ್ತದೆ.

ಯಾರ ಬಗ್ಗೆ ಮಾತಾಡಬೇಕೆಂದಿದ್ದೇವೋ ಆ ಇಡೀ ಬಳಗಕ್ಕೆ ಕನ್ನಡದ ಪಠ್ಯಗಳಲ್ಲಿ ಸಮಷ್ಟಿ ಎಂಬ ಹೆಸರಿದೆ, ಇಂಗ್ಲಿಷ್ ತರಗತಿಯಲ್ಲಿ ಪಾಪ್ಯುಲೇಷನ್. ಅದರಿಂದ ಆರಿಸಿಕೊಂಡ ತುಣುಕು ಮಾದರಿ, ಅಂದರೆ ಸ್ಯಾಂಪಲ್. ಇವೆರಡರ ನಡುವೆ ಮೂರನೆಯದೊಂದಿದೆ. ಹೆಚ್ಚಿನ ಎಡವಟ್ಟುಗಳು ಆಗುವುದೇ ಅಲ್ಲಿ: ಆರಿಸಲು ಕೈಯಲ್ಲಿರುವ ಪಟ್ಟಿ. ಅದನ್ನು ಮಾದರಿ ಚೌಕಟ್ಟು ಅಥವಾ ಸ್ಯಾಂಪ್ಲಿಂಗ್ ಫ್ರೇಮ್ ಎನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲದ ಮನೆಗೆ ಆಯ್ಕೆಯಾಗುವ ಅವಕಾಶವೇ ಇಲ್ಲ, ಎಷ್ಟು ದೊಡ್ಡ ಮಾದರಿ ತೆಗೆದರೂ ಇಲ್ಲ.

ಕರ್ನಾಟಕದಲ್ಲಿ 2025ರ ಸೆಪ್ಟೆಂಬರಿನಲ್ಲಿ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮಾದರಿ ಸಮೀಕ್ಷೆಯಲ್ಲ, ಮನೆಮನೆಯ ಎಣಿಕೆ. ಅಲ್ಲೂ ಮೊದಲ ಕೆಲಸ ಪಟ್ಟಿಯದೇ ಆಗಿತ್ತು. ವಿದ್ಯುತ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಮನೆಗಳನ್ನು ಗುರುತಿಸಿ ಚೀಟಿ ಅಂಟಿಸಿದರು. ಮೀಟರ್ ಹಿಡಿದು ಹೊರಟಾಗ ಮೀಟರಿಲ್ಲದ ಶೆಡ್ಡಿನವರನ್ನು, ಒಂದೇ ಮೀಟರಿನಡಿ ಬಾಡಿಗೆಗಿರುವ ನಾಲ್ಕು ಸಂಸಾರಗಳನ್ನು ಬೇರೆಯಾಗಿ ಹುಡುಕಬೇಕಾಗುತ್ತದೆ. ಯಾವ ಪಟ್ಟಿಯಾದರೂ ಹೀಗೆಯೇ. ಅದಕ್ಕೆ ಕಾಣದವರು ಇದ್ದೇ ಇರುತ್ತಾರೆ, ಅವರು ಯಾರು ಎಂದು ಮೊದಲೇ ಯೋಚಿಸಿದವರ ಸಮೀಕ್ಷೆ ಬಚಾವು.

ಕುಟುಂಬ ಆರೋಗ್ಯ ಸಮೀಕ್ಷೆಗೆ ರಾಜ್ಯದ ಎಲ್ಲ ಮನೆಗಳ ಹೆಸರು, ವಿಳಾಸ ಇರುವ ಪಟ್ಟಿ ಇಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ. ಅದರಿಂದ ಚೀಟಿ ಎತ್ತಿದರೆ ಬೀದರ್‌ನಲ್ಲೊಂದು ಮನೆ, ಸುಳ್ಯದಲ್ಲೊಂದು ಮನೆ ಬರುತ್ತದೆ. ಸಮೀಕ್ಷಕರ ಜೀಪು ದಿನವಿಡೀ ಓಡಿದರೂ ನಾಲ್ಕು ಮನೆ ಮುಗಿಯುವುದಿಲ್ಲ. ಆದ್ದರಿಂದ ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಊರುಗಳ ಆಯ್ಕೆ, ಆಮೇಲೆ ಆರಿಸಿದ ಊರೊಳಗೆ ಮನೆಗಳ ಆಯ್ಕೆ. ಊರುಗಳ ಪಟ್ಟಿ ಜನಗಣತಿಯಿಂದ ಸಿಗುತ್ತದೆ. ಗ್ರಾಮಾಂತರದಲ್ಲಿ ಹಳ್ಳಿ, ಪೇಟೆಯಲ್ಲಿ ಗಣತಿ ಬ್ಲಾಕ್ ಒಂದೊಂದು ಘಟಕ. ಮನೆಗಳ ಪಟ್ಟಿಯನ್ನು ಆರಿಸಿದ ಊರುಗಳಲ್ಲಿ ಮಾತ್ರ ಹೊಸದಾಗಿ ಮಾಡಿದರೆ ಸಾಕು. ಪುಸ್ತಕದಲ್ಲಿ ಬಹುಹಂತದ ಗುಚ್ಛ ಮಾದರಿ, ಮಲ್ಟಿಸ್ಟೇಜ್ ಕ್ಲಸ್ಟರ್ ಸ್ಯಾಂಪ್ಲಿಂಗ್ ಎಂದು ಭಾರವಾಗಿ ಬರೆದಿರುವುದು ಇಷ್ಟನ್ನೇ.

ಊರು ಆರಿಸುವ ಮುನ್ನ ಒಂದು ಮುಂಜಾಗ್ರತೆ ಇದೆ. ಬರೀ ಅದೃಷ್ಟಕ್ಕೆ ಬಿಟ್ಟರೆ ಜಿಲ್ಲೆಯ ದೊಡ್ಡ ಊರುಗಳೇ ಬಂದುಬಿಡಬಹುದು, ಪರಿಶಿಷ್ಟ ಜಾತಿ, ಪಂಗಡದವರು ಹೆಚ್ಚಿರುವ ಹಳ್ಳಿಗಳು ಒಂದೂ ಬಾರದೆ ಹೋಗಬಹುದು. ಹಾಗಾಗದಂತೆ ಹಳ್ಳಿಗಳನ್ನು ಮನೆಗಳ ಸಂಖ್ಯೆ ನೋಡಿ ಮೂರು ಗುಂಪು, ಪರಿಶಿಷ್ಟರ ಪ್ರಮಾಣ ನೋಡಿ ಅದರೊಳಗೆ ಎರಡೆರಡು ಗುಂಪು ಮಾಡಿ, ಪ್ರತಿ ಗುಂಪಿನೊಳಗೂ ಹೆಣ್ಣುಮಕ್ಕಳ ಸಾಕ್ಷರತೆಯ ಕ್ರಮದಲ್ಲಿ ಊರುಗಳನ್ನು ಸಾಲಾಗಿ ಬರೆದಿಟ್ಟುಕೊಳ್ಳುತ್ತಾರೆ. ಆಯ್ಕೆ ಪ್ರತಿ ಗುಂಪಿನಿಂದಲೂ ನಡೆಯುತ್ತದೆ. ಸ್ತರೀಕರಣ ಅಥವಾ ಸ್ಟ್ರಾಟಿಫಿಕೇಷನ್ ಎಂದರೆ ಇದೇ. ಮೊದಲೇ ಗೊತ್ತಿರುವ ವ್ಯತ್ಯಾಸವನ್ನು ಅದೃಷ್ಟದ ಕೈಗೆ ಕೊಡುವುದಿಲ್ಲ, ಗೊತ್ತಿಲ್ಲದ್ದನ್ನು ಮಾತ್ರ ಕೊಡುತ್ತಾರೆ.

ಈಗ ಊರನ್ನು ಆರಿಸಬೇಕು. ಲೆಕ್ಕಕ್ಕೆ ಎಂಟು ಹಳ್ಳಿಗಳ ಒಂದು ಕಾಲ್ಪನಿಕ ಗುಂಪು ಇಟ್ಟುಕೊಳ್ಳೋಣ. ಅವುಗಳಲ್ಲಿರುವ ಮನೆಗಳು ಕ್ರಮವಾಗಿ 170, 250, 80, 450, 150, 600, 200, 100. ಒಟ್ಟು 2,000. ಇದರಲ್ಲಿ ಎರಡು ಹಳ್ಳಿ ಬೇಕು. ಎಂಟು ಚೀಟಿ ಬರೆದು ಎರಡು ಎತ್ತಿದರೆ 80 ಮನೆಯ ಊರಿಗೂ 600 ಮನೆಯ ಊರಿಗೂ ಒಂದೇ ಅವಕಾಶ ಸಿಗುತ್ತದೆ. ಪ್ರತಿ ಊರಿನಿಂದ ಸಮನಾಗಿ 22 ಮನೆ ತೆಗೆಯುವುದಾದರೆ ಚಿಕ್ಕ ಊರಿನ ಮನೆಗೆ ಮಾದರಿಯಲ್ಲಿ ಸೇರುವ ಅವಕಾಶ ದೊಡ್ಡ ಊರಿನ ಮನೆಗಿಂತ ಏಳೆಂಟು ಪಟ್ಟು ಹೆಚ್ಚಾಗಿಬಿಡುತ್ತದೆ.

ಅದಕ್ಕೆ ಉಪಾಯ, ಊರುಗಳಿಗೆ ಬದಲಾಗಿ ಮನೆಗಳಿಗೆ ನಂಬರ್ ಕೊಟ್ಟಂತೆ ಲೆಕ್ಕ ಹಾಕುವುದು. ಸಂಖ್ಯೆಗಳನ್ನು ಒಂದರ ಮೇಲೊಂದು ಕೂಡುತ್ತ ಹೋಗಬೇಕು: 170, 420, 500, 950, 1,100, 1,700, 1,900, 2,000. ಮೊದಲ ಊರಿಗೆ 1ರಿಂದ 170ರವರೆಗಿನ ನಂಬರುಗಳು, ಎರಡನೆಯದಕ್ಕೆ 171ರಿಂದ 420, ಆರನೆಯದಕ್ಕೆ 1,101ರಿಂದ 1,700. ಎರಡು ಊರು ಬೇಕಾದ್ದರಿಂದ 2,000ವನ್ನು ಎರಡರಿಂದ ಭಾಗಿಸಿದರೆ 1,000 ಬಂತು, ಅದು ಹೆಜ್ಜೆಯ ಅಂತರ. 1ರಿಂದ 1,000ದೊಳಗೆ ಯಾದೃಚ್ಛಿಕವಾಗಿ, ಅಂದರೆ ರ್‍ಯಾಂಡಮ್ ಆಗಿ ಒಂದು ಸಂಖ್ಯೆ ತೆಗೆಯಬೇಕು. 340 ಬಂತು ಎನ್ನೋಣ. ಅದು ಎರಡನೇ ಊರಿನೊಳಗೆ ಬೀಳುತ್ತದೆ. ಅದಕ್ಕೆ ಸಾವಿರ ಕೂಡಿಸಿದರೆ 1,340, ಅದು ಆರನೇ ಊರು. ಮುಗಿಯಿತು. ದೊಡ್ಡ ಊರಿಗೆ ನಂಬರುಗಳು ಹೆಚ್ಚಿರುವುದರಿಂದ ಅದು ಸಿಕ್ಕಿಬೀಳುವ ಸಂಭವವೂ ಹೆಚ್ಚು. ಇದಕ್ಕೆ ಗಾತ್ರಾನುಪಾತದ ಆಯ್ಕೆ ಎನ್ನಬಹುದು. ಸಮೀಕ್ಷೆ ಮಾಡುವವರ ಬಾಯಲ್ಲಿ ಅದು ಪಿಪಿಎಸ್.

ಇದರ ಸೊಗಸು ಎರಡನೇ ಹಂತದಲ್ಲಿ ಕಾಣುತ್ತದೆ. ಎರಡನೇ ಊರು ಆಯ್ಕೆಯಾಗುವ ಸಂಭವ ನಾಲ್ಕರಲ್ಲೊಂದು, ಏಕೆಂದರೆ ಅದರ 250 ಮನೆ ಸಾವಿರದ ಅಂತರದಲ್ಲಿ ಕಾಲು ಭಾಗ. ಆ ಊರೊಳಗೆ ಒಂದು ಮನೆ ಆಯ್ಕೆಯಾಗುವ ಸಂಭವ 250ಕ್ಕೆ 22. ಎರಡನ್ನೂ ಗುಣಿಸಿದರೆ 0.022. ಆರನೇ ಊರಿಗೆ ಸಂಭವ 0.6, ಅದರೊಳಗಿನ ಮನೆಗೆ 600ಕ್ಕೆ 22. ಗುಣಿಸಿದರೆ ಅದೂ 0.022. ದೊಡ್ಡ ಊರು ಸುಲಭವಾಗಿ ಆಯ್ಕೆಯಾಗುತ್ತದೆ, ಆದರೆ ಅದರೊಳಗೆ ಒಂದು ಮನೆ ಆಯ್ಕೆಯಾಗುವುದು ಅಷ್ಟೇ ಕಷ್ಟ. ಎರಡೂ ಸೇರಿ ಪ್ರತಿ ಮನೆಗೂ ಸಮಪಾಲು. ಸಮೀಕ್ಷಕಿಗೂ ಪ್ರತಿ ಊರಿನಲ್ಲಿ ಅಷ್ಟೇ ಕೆಲಸ, 22 ಮನೆ.

ನಿಜವಾದ ಸಮೀಕ್ಷೆಯಲ್ಲಿ 600 ಮನೆಯ ಊರನ್ನು ಪೂರ್ತಿ ಪಟ್ಟಿ ಮಾಡುವುದಿಲ್ಲ. ಮುನ್ನೂರು ದಾಟಿದ ಊರನ್ನು ನೂರು, ನೂರೈವತ್ತು ಮನೆಗಳ ತುಂಡುಗಳಾಗಿ ನಕ್ಷೆಯ ಮೇಲೆ ಕತ್ತರಿಸಿ, ಅದರಲ್ಲಿ ಎರಡು ತುಂಡನ್ನು ಮತ್ತೆ ಅದೇ ಗಾತ್ರದ ನಿಯಮದಲ್ಲಿ ಆರಿಸುತ್ತಾರೆ. ನಲವತ್ತು ಮನೆಯೂ ಇಲ್ಲದ ಊರಿದ್ದರೆ ಪಕ್ಕದ ಊರಿಗೆ ಜೋಡಿಸಿಬಿಡುತ್ತಾರೆ.

ಇನ್ನು ಎರಡನೇ ಊರಿಗೆ ಹೋಗೋಣ. ಪ್ರಶ್ನೆ ಕೇಳುವವರು ಬರುವ ಮೊದಲು ಅಲ್ಲಿಗೆ ಬೇರೊಂದು ತಂಡ ಬರುತ್ತದೆ. ಒಬ್ಬರು ನಕ್ಷೆ ಬರೆಯುವವರು, ಇನ್ನೊಬ್ಬರು ಪಟ್ಟಿ ಮಾಡುವವರು. ಅವರ ಕೆಲಸ ಯಾರ ಆರೋಗ್ಯವನ್ನೂ ವಿಚಾರಿಸುವುದಲ್ಲ, ಊರಿನ ಗಡಿ ಸುತ್ತಿ, ಬೀದಿ ಹಿಡಿದು ಪ್ರತಿ ಕಟ್ಟಡಕ್ಕೂ ನಂಬರ್ ಹಾಕುತ್ತ ಹೋಗುವುದು. ಗುಡಿ, ಶಾಲೆ, ಹಾಲಿನ ಡೇರಿ ಎಲ್ಲ ನಕ್ಷೆಯಲ್ಲಿ ಇರಬೇಕು. ವಾಸದ ಮನೆಗಳು ಮಾತ್ರ ಪಟ್ಟಿಗೆ. ಇಲ್ಲೇ ಸೂಕ್ಷ್ಮ ಇರುವುದು. ಒಂದೇ ಸೂರಿನಡಿ ಅಣ್ಣತಮ್ಮಂದಿರು ಇದ್ದು ಒಲೆ ಬೇರೆಯಾಗಿದ್ದರೆ ಅದು ಎರಡು ಕುಟುಂಬ. ಮನೆ ಎರಡಾಗಿ ಅಡುಗೆ ಒಂದೇ ಕಡೆ ಆಗುತ್ತಿದ್ದರೆ ಒಂದೇ ಕುಟುಂಬ. ತೋಟದ ಮನೆಗಳು, ಊರಾಚೆಯ ಕೇರಿ, ಕೆರೆ ಅಂಗಳದಲ್ಲಿ ಗುಡಿಸಲು ಹಾಕಿಕೊಂಡವರು ಪಟ್ಟಿಯಿಂದ ಜಾರುವುದು ಸುಲಭ. ಪಂಚಾಯಿತಿ ಕಚೇರಿಯಲ್ಲಿ ಕೂತು "ಎಷ್ಟು ಮನೆ ಇದೆ?" ಎಂದು ಕೇಳಿ ಬರೆದುಕೊಂಡ ಪಟ್ಟಿಯನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಅದರಲ್ಲಿ ಒಂಟಿಯಾಗಿರುವ ಮುದುಕಿಯರು ಇರುವುದಿಲ್ಲ, ಬಾಡಿಗೆಯವರು ಇರುವುದಿಲ್ಲ, ಒಟ್ಟು ಸಂಖ್ಯೆ ಗಣತಿಯದಕ್ಕೆ ಅನುಮಾನ ಬರುವಷ್ಟು ಹೊಂದಿಕೊಂಡಿರುತ್ತದೆ.

ನಮ್ಮ ಊರಿನಲ್ಲಿ ಗಣತಿ ಹೇಳಿದ್ದು 250. ತಂಡ ತಿರುಗಿದಾಗ ಸಿಕ್ಕಿದ್ದು 286 ಎಂದುಕೊಳ್ಳೋಣ. ಬಸ್‌ಸ್ಟ್ಯಾಂಡ್ ಆಚೆ ಆಶ್ರಯ ಮನೆಗಳ ಹೊಸ ಸಾಲು ಬಂದಿದೆ. 286ನ್ನು 22ರಿಂದ ಭಾಗಿಸಿದರೆ 13. ಒಂದರಿಂದ ಹದಿಮೂರರೊಳಗೆ ಒಂದು ಸಂಖ್ಯೆ, 6 ಬಂತು. ಅಲ್ಲಿಗೆ ಆರನೇ ಮನೆ, ಹತ್ತೊಂಬತ್ತನೇ ಮನೆ, ಮೂವತ್ತೆರಡನೇ ಮನೆ, ಹೀಗೆ ಹದಿಮೂರು ಹದಿಮೂರು ದಾಟುತ್ತ ಕೊನೆಗೆ 279ನೇ ಮನೆ. ವ್ಯವಸ್ಥಿತ ಮಾದರಿ, ಸಿಸ್ಟಮ್ಯಾಟಿಕ್ ಸ್ಯಾಂಪ್ಲಿಂಗ್. ಪಟ್ಟಿ ಬೀದಿಯ ಕ್ರಮದಲ್ಲಿ ಇರುವುದರಿಂದ ಆಯ್ಕೆ ತಾನಾಗಿ ಊರೆಲ್ಲ ಹರಡುತ್ತದೆ. ಮೇಲಿನ ಬೀದಿಯೂ ಬರುತ್ತದೆ, ಕೆಳಗಿನ ಕೇರಿಯೂ ಬರುತ್ತದೆ. ಇದಕ್ಕಿರುವ ಒಂದೇ ಅಪಾಯ, ಪಟ್ಟಿಯಲ್ಲೇ ಒಂದು ತಾಳ ಇರುವುದು. ಹನ್ನೆರಡು ಮನೆಯ ವಠಾರಗಳ ಸಾಲಿನಲ್ಲಿ ಹನ್ನೆರಡರ ಅಂತರ ಇಟ್ಟರೆ ಪ್ರತಿ ಸಲವೂ ಮೂಲೆಮನೆಯೇ ಬಂದೀತು.

ಸಮೀಕ್ಷಕಿಯರು ಬರುವಾಗ ಕೈಯಲ್ಲಿ ಈ 22 ಮನೆಗಳ ನಂಬರ್ ಇರುತ್ತದೆ, ಅಷ್ಟೆ. ಮೂವತ್ತೆರಡನೇ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದಾರೆ. "ಅವರು ಕಾಫಿ ಎಸ್ಟೇಟಿಗೆ ಕೆಲಸಕ್ಕೆ ಹೋಗವ್ರೆ ಕಣಮ್ಮ, ನಮ್ಮನ್ನೇ ಕೇಳಿ, ಎಲ್ಲ ಹೇಳ್ತೀವಿ" ಎನ್ನುತ್ತಾರೆ. ಇಷ್ಟು ಅಕ್ಕರೆಯಿಂದ ಕರೆದರೂ ಅಲ್ಲಿ ಕೂರುವಂತಿಲ್ಲ. ಬೀಗ ಹಾಕಿದ ಮನೆಗೆ ಮತ್ತೆ ಹೋಗಬೇಕು, ಹೊತ್ತು ಬದಲಿಸಿ ಇನ್ನೊಮ್ಮೆ ಹೋಗಬೇಕು. ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯಬೇಕೇ ಹೊರತು ಬದಲಿ ಮನೆ ಇಲ್ಲ. ಕಾರಣ ಸರಳ. ಹಗಲಲ್ಲಿ ಬೀಗ ಹಾಕಿರುವ ಮನೆ ಕೂಲಿಗೆ ಹೋದವರದು, ವಲಸೆ ಹೋದವರದು, ಗಂಡಹೆಂಡಿರಿಬ್ಬರೂ ದುಡಿಯುವವರದು. ಅದರ ಬದಲಿಗೆ ಬಾಗಿಲು ತೆರೆದ ಮನೆ ತುಂಬಿದರೆ ಸಂಖ್ಯೆಯಲ್ಲಿ 22 ಪೂರ್ತಿಯಾಗುತ್ತದೆ, ಆದರೆ ಮನೆಯಲ್ಲೇ ಇರುವ ಹೆಂಗಸರ ಪಾಲು ಯಾರಿಗೂ ಗೊತ್ತಾಗದಂತೆ ಏರಿಬಿಡುತ್ತದೆ. ಖಾಲಿ ಬಿಟ್ಟ ಮನೆ ಲೆಕ್ಕಕ್ಕೆ ಸಿಗುವ ದೋಷ. ಬದಲಿ ತುಂಬಿದ್ದು ಲೆಕ್ಕಕ್ಕೆ ಸಿಗದ ದೋಷ.

ಮನುಷ್ಯನ ಕೈ ಎಷ್ಟು ಸಣ್ಣ ಸಡಿಲದಲ್ಲೂ ಒಂದು ಕಡೆಗೆ ವಾಲುತ್ತದೆ ಎಂಬುದನ್ನು ಭಾರತಕ್ಕೆ ಕಲಿಸಿಕೊಟ್ಟದ್ದು ಹೊಲಗಳು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್, 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿಯಿಂದ ಅಂದಾಜು ಮಾಡಲು ಹೊರಟರು. ಮುಂದೆ ಬೆಳೆ ಕೊಯ್ಲಿನ ಪ್ರಯೋಗಗಳಲ್ಲಿ ಹೊಲದ ನಡುವೆ ಸಣ್ಣ ತುಂಡು ಗುರುತಿಸಿ, ಅದರೊಳಗಿನ ಬೆಳೆ ಕೊಯ್ದು ತೂಗುವ ಕ್ರಮ ಬಂತು. ತುಂಡು ಚಿಕ್ಕದಾದಷ್ಟೂ ಇಳುವರಿ ಇದ್ದದ್ದಕ್ಕಿಂತ ಹೆಚ್ಚಾಗಿ ಬರುತ್ತಿತ್ತು. ಯಾರೂ ಮೋಸ ಮಾಡುತ್ತಿರಲಿಲ್ಲ. ಗೆರೆಯ ಮೇಲೇ ನಿಂತ ಗಿಡ ಒಳಗೋ ಹೊರಗೋ ಎಂಬ ಅನುಮಾನ ಬಂದಾಗಲೆಲ್ಲ ಕೊಯ್ಯುವವರು ಅದನ್ನು ಒಳಗೆ ಸೇರಿಸಿಕೊಳ್ಳುತ್ತಿದ್ದರು. ಚಿಕ್ಕ ತುಂಡಿನಲ್ಲಿ ಒಳಗಿನ ಜಾಗಕ್ಕೆ ಹೋಲಿಸಿದರೆ ಗೆರೆಯೇ ಉದ್ದ. ಹೀಗಾಗಿ ತಪ್ಪು ದೊಡ್ಡದಾಗುತ್ತಿತ್ತು. ತುಂಡಿನ ಗಾತ್ರ ಎಷ್ಟಿರಬೇಕು ಎಂಬುದರ ಮೇಲೆ ಮಹಾಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ನಡುವೆ ದೊಡ್ಡ ವಾಗ್ವಾದವೇ ನಡೆಯಿತು.

ಮಹಾಲನೋಬಿಸ್ ಇನ್ನೊಂದು ಉಪಾಯವನ್ನೂ ತಂದರು. ಒಂದೇ ಪ್ರದೇಶದಿಂದ ಎರಡು ಬೇರೆ ಬೇರೆ ಮಾದರಿ ತೆಗೆದು ಎರಡು ತಂಡಗಳಿಗೆ ಹಂಚುವುದು. ಎರಡೂ ಸರಿಯಾಗಿ ನಡೆದಿದ್ದರೆ ಉತ್ತರ ಹತ್ತಿರ ಹತ್ತಿರ ಬರಬೇಕು. ದೂರ ಬಂದರೆ ಒಂದು ತಂಡದ ಕೆಲಸದಲ್ಲಿ ಏನೋ ಆಗಿದೆ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಈ ಜೋಡಿ ಮಾದರಿಯ ಪದ್ಧತಿ ಬಂತು. ವಿದ್ಯಾರ್ಥಿಗಳು ಗುಂಪಾಗಿ ಪ್ರಾಜೆಕ್ಟ್ ಮಾಡುವಾಗ ಇದನ್ನು ಖರ್ಚಿಲ್ಲದೆ ಅನುಕರಿಸಬಹುದು. ಮಾಡುವವರು ಮಾತ್ರ ಕಡಿಮೆ.

ಮತ್ತೆ ನಮ್ಮ ಊರಿಗೆ ಬರೋಣ. ಗಣತಿಯ 250 ಈಗ 286 ಆಗಿದೆ, ಹಾಗಾದರೆ ಮೊದಲು ಮಾಡಿದ ಸಮಪಾಲಿನ ಲೆಕ್ಕ ಕೆಟ್ಟಿತಲ್ಲ? ಕೆಟ್ಟಿತು, ಆದರೆ ಎಷ್ಟು ಕೆಟ್ಟಿತೆಂದು ಗೊತ್ತು. ಊರು ಆಯ್ಕೆಯಾದದ್ದು ನಾಲ್ಕರಲ್ಲೊಂದು ಸಂಭವದಲ್ಲಿ, ಮನೆ ಆಯ್ಕೆಯಾದದ್ದು ಹದಿಮೂರರಲ್ಲೊಂದು ಸಂಭವದಲ್ಲಿ. ನಾಲ್ಕು ಹದಿಮೂರಲೆ ಐವತ್ತೆರಡು. ಈ ಊರಿನ ಒಂದೊಂದು ಮನೆಯೂ 52 ಮನೆಗಳ ಪರವಾಗಿ ಮಾತಾಡುತ್ತದೆ. ಪಟ್ಟಿಯ ಸಂಖ್ಯೆ ಬದಲಾಗದ ಊರಿನಲ್ಲಿ ಒಂದು ಮನೆ ಸುಮಾರು 45 ಮನೆಗಳ ಪರವಾಗಿ. ಉತ್ತರಗಳನ್ನು ಕೂಡುವಾಗ ಈ ತೂಕವನ್ನು ಗುಣಿಸಿ ಕೂಡಿದರೆ ಅಂದಾಜು ಮತ್ತೆ ಸಮಕ್ಕೆ ಬರುತ್ತದೆ. ವೆಯ್ಟ್ ಎಂದು ಅಂಕಿಅಂಶದ ಕಡತದಲ್ಲಿ ಇರುವ ಅಂಕಣ ಇದು. ಇಂಟರ್ನೆಟ್ಟಿನಿಂದ ಆ ಕಡತ ಇಳಿಸಿಕೊಂಡು ಈ ಅಂಕಣವನ್ನು ಮುಟ್ಟದೆ ಶೇಕಡಾವಾರು ತೆಗೆದ ಪ್ರಬಂಧಗಳಿಗೆ ಲೆಕ್ಕವಿಲ್ಲ.

ಸಂಭವ ಎಷ್ಟೇ ಇರಲಿ, ಅದು ಗೊತ್ತಿರಬೇಕು, ಸೊನ್ನೆ ಆಗಿರಬಾರದು. ಸಂಭವನೀಯ ಮಾದರಿ ಅಥವಾ ಪ್ರಾಬಬಿಲಿಟಿ ಸ್ಯಾಂಪ್ಲಿಂಗ್‌ನ ಷರತ್ತು ಇಷ್ಟೇ. ಎಲ್ಲರಿಗೂ ಸಮ ಅವಕಾಶ ಇರಲೇಬೇಕು ಎಂದು ಗೈಡುಗಳು ಬರೆಯುವುದು ಪೂರ್ತಿ ಸರಿಯಲ್ಲ. ಅಸಮ ಇದ್ದರೂ ತೂಕ ಹಾಕಿ ಸರಿಮಾಡಬಹುದು. ಎಷ್ಟು ಅಸಮ ಎಂದೇ ಗೊತ್ತಿಲ್ಲದಿದ್ದರೆ ಯಾರ ಕೈಯಲ್ಲೂ ಸರಿಮಾಡಲು ಆಗುವುದಿಲ್ಲ.

ಹಾಗಾದರೆ ಎಷ್ಟು ಮನೆ ಆದರೆ ಸಾಕು? ಚೀಟಿ ಎತ್ತಿದಂತೆ ಸರಳವಾಗಿ ಆರಿಸಿದ 400 ಮನೆಗಳಲ್ಲಿ ಅರ್ಧದಷ್ಟು ಮನೆಗೆ ಶೌಚಾಲಯ ಇದೆ ಎಂದು ಬಂದರೆ, ನಿಜವಾದ ಪ್ರಮಾಣ ಶೇ. 45ರಿಂದ 55ರ ನಡುವೆ ಇದೆ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಈ ಐದರ ಅಂತರವನ್ನು ಅರ್ಧ ಮಾಡಬೇಕಾದರೆ 800 ಸಾಲದು, 1,600 ಬೇಕು. ಸಮಷ್ಟಿ ಒಂದು ಜಿಲ್ಲೆಯಾದರೂ ಇಡೀ ರಾಜ್ಯವಾದರೂ ಈ ಲೆಕ್ಕ ಬದಲಾಗುವುದಿಲ್ಲ ಎಂಬುದನ್ನು ನಂಬಲು ಜನರಿಗೆ ಕಷ್ಟ. ಅನ್ನ ಬೆಂದಿದೆಯೋ ಎಂದು ನೋಡಲು ಚಿಕ್ಕ ಪಾತ್ರೆಯಾದರೂ ಮದುವೆಮನೆಯ ಹಂಡೆಯಾದರೂ ನಾಲ್ಕು ಅಗುಳು ಸಾಕು ಎಂದು ಮೇಷ್ಟರು ಇದನ್ನು ವಿವರಿಸುವುದುಂಟು. ಆ ಮಾತು ನಡೆಯುವುದು ಹಂಡೆಯನ್ನು ಚೆನ್ನಾಗಿ ತಿರುವಿದ್ದರೆ ಮಾತ್ರ. ಹಳ್ಳಿಗಳನ್ನು ಯಾರೂ ತಿರುವಿಲ್ಲ.

ಒಂದೇ ಊರಿನ 22 ಮನೆಗಳು ಒಂದನ್ನೊಂದು ಹೋಲುತ್ತವೆ. ಒಂದೇ ಟ್ಯಾಂಕಿನ ನೀರು, ಒಂದೇ ಅಂಗನವಾಡಿ, ಒಂದೇ ಮಳೆ. ಮೊದಲ ಐದು ಮನೆ ಕೇಳಿದ ಮೇಲೆ ಆರನೆಯದರಲ್ಲಿ ಹೊಸದಾಗಿ ತಿಳಿಯುವುದು ಕಡಿಮೆ. ಈ ಹೋಲಿಕೆಯನ್ನು ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆಯಲ್ಲಿ ಅಳೆಯುತ್ತಾರೆ, ಅದು ρ. ಊರಿಗೆ m ಮನೆ ತೆಗೆದರೆ ಗುಚ್ಛದಿಂದ ಆಗುವ ನಷ್ಟ ಸರಿಸುಮಾರು 1 + (m − 1) × ρ. ಹೋಲಿಕೆ ಬರೀ 0.05 ಇದ್ದರೂ 22 ಮನೆಗೆ ಇದು 2.05 ಆಗುತ್ತದೆ. ಅಂದರೆ 400 ಮನೆ ತಿರುಗಿದ ಶ್ರಮಕ್ಕೆ ಸಿಕ್ಕಿದ್ದು 200 ಮನೆಯಷ್ಟೂ ಇಲ್ಲದ ಮಾಹಿತಿ. ಕುಡಿಯುವ ನೀರಿನ ಮೂಲದಂಥ ಪ್ರಶ್ನೆಯಲ್ಲಿ ಹೋಲಿಕೆ 0.5ರ ತನಕ ಹೋದರೆ ಒಂದು ಊರಿನ 22 ಮನೆ ಸೇರಿ ಎರಡು ಮನೆಯಷ್ಟು ಬೆಲೆ. ಡಿಸೈನ್ ಎಫೆಕ್ಟ್ ಎಂದು ವರದಿಯ ಕೊನೆಯ ಅನುಬಂಧದಲ್ಲಿ ಅವಿತಿರುವ ಸಂಖ್ಯೆ ಇದೇ. ಹಣ ಇದ್ದಷ್ಟಕ್ಕೆ ಹೆಚ್ಚು ಊರು, ಊರಿಗೆ ಕಡಿಮೆ ಮನೆ ಎಂಬ ಸಲಹೆ ಹುಟ್ಟಿದ್ದೂ ಇಲ್ಲಿಂದ.

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಐದನೇ ಸಮೀಕ್ಷೆ ಊರುಗಳನ್ನು ಆರಿಸಿದ್ದು 2011ರ ಪಟ್ಟಿಯಿಂದ. ಇದನ್ನೇ ಹಿಡಿದು 2023ರಲ್ಲಿ ದೊಡ್ಡ ಚರ್ಚೆ ಎದ್ದಿತು. ಪ್ರಧಾನಿಯ ಆರ್ಥಿಕ ಸಲಹಾ ಮಂಡಳಿಯ ಸದಸ್ಯೆ ಶಮಿಕಾ ರವಿ, ರಾಷ್ಟ್ರೀಯ ಸಮೀಕ್ಷೆಗಳು ಹಳೆಯ ಚೌಕಟ್ಟಿನಿಂದಾಗಿ ಗ್ರಾಮಾಂತರವನ್ನು ಹೆಚ್ಚಾಗಿ ತೋರಿಸುತ್ತಿವೆ ಎಂದು ಪತ್ರಿಕೆಯಲ್ಲಿ ಬರೆದರು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮೋಹನನ್, ಅಮಿತಾಭ್ ಕುಂಡು ಮುಂತಾದವರು ಇದನ್ನು ಒಪ್ಪಲಿಲ್ಲ. ಅದೇ ವರ್ಷ ಜುಲೈನಲ್ಲಿ ಪ್ರಣವ್ ಸೇನ್ ಅಧ್ಯಕ್ಷತೆಯಲ್ಲಿ ಸರ್ಕಾರ ಒಂದು ಸ್ಥಾಯಿ ಸಮಿತಿ ಮಾಡಿತು.

ನಮ್ಮ ಎಂಟು ಹಳ್ಳಿಯ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೆಯ ಪಟ್ಟಿಯಿಂದ ಆರಿಸಿದರೂ, ಆರಿಸಿದ ಊರಿನಲ್ಲಿ ಮನೆಗಳನ್ನು ಹೊಸದಾಗಿ ಪಟ್ಟಿ ಮಾಡಿದರೆ ಅಂದಾಜು ಒಂದು ಕಡೆಗೆ ವಾಲುವುದಿಲ್ಲ, ತೂಕ ಅದನ್ನು ಸರಿಮಾಡುತ್ತದೆ. ಕೆಡುವುದು ಬೇರೆ. ಬೆಂಗಳೂರಿನ ಅಂಚಿನ ಊರೊಂದನ್ನು ನೋಡಿ. 2011ರಲ್ಲಿ 250 ಮನೆಯ ಹಳ್ಳಿ, ಈಗ ಲೇಔಟು, ಪಿಜಿ, ಅಪಾರ್ಟ್‌ಮೆಂಟು ಸೇರಿ 2,500. ಅದು ಆಯ್ಕೆಯಾದದ್ದು 250ರ ಲೆಕ್ಕದಲ್ಲೇ. ಈಗ ಅಲ್ಲಿನ ಒಂದೊಂದು ಮನೆಯ ತೂಕ 450 ದಾಟುತ್ತದೆ. ಅಂಥ ಊರು ಮಾದರಿಯಲ್ಲಿ ಬಂದರೆ ಜಿಲ್ಲೆಯ ಅಂಕಿ ಒಂದು ಕಡೆ ಜಿಗಿಯುತ್ತದೆ, ಬಾರದಿದ್ದರೆ ಇನ್ನೊಂದು ಕಡೆ. ಸರಾಸರಿಯಲ್ಲಿ ಸರಿ, ಆದರೆ ಒಂದೊಂದು ಸಲಕ್ಕೆ ನಂಬಿಕೆ ಕಡಿಮೆ. ಜೊತೆಗೆ ಕಾಗದದಲ್ಲಿ ಅದು ಇನ್ನೂ ಹಳ್ಳಿಯೇ ಆಗಿರುವುದರಿಂದ ಅಪಾರ್ಟ್‌ಮೆಂಟಿನವರ ಉತ್ತರವೆಲ್ಲ ಗ್ರಾಮಾಂತರದ ಲೆಕ್ಕಕ್ಕೆ ಹೋಗುತ್ತದೆ. ಇನ್ನು ಗೇಟಿನಲ್ಲೇ ಸೆಕ್ಯುರಿಟಿಯವರು "ಅಸೋಸಿಯೇಷನ್ ಪರ್ಮಿಷನ್ ಇದೆಯಾ ಮೇಡಂ?" ಎಂದು ತಡೆದರೆ ಅದು ಪಟ್ಟಿಯ ದೋಷವಲ್ಲ, ಉತ್ತರ ಸಿಗದ ದೋಷ. ಸಮೀಕ್ಷೆ ಟೀಕಿಸುವವರು ಈ ಎರಡನ್ನೂ ಒಂದೇ ಗಂಟು ಮಾಡುತ್ತಾರೆ, ಆದರೆ ಇವುಗಳ ಮದ್ದು ಬೇರೆ ಬೇರೆ.

ಪಟ್ಟಿಯೇ ಸಾಧ್ಯವಿಲ್ಲದ ಜನ ಇದ್ದಾರೆ. ಲೈಂಗಿಕ ವೃತ್ತಿಯವರು, ಬೀದಿಯಲ್ಲಿ ಮಲಗುವವರು, ಋತುವಿಗೆ ತಕ್ಕಂತೆ ವಲಸೆ ಹೋಗುವ ಕಬ್ಬು ಕಡಿಯುವವರು. ಇಂಥ ಕಡೆ ಒಬ್ಬರು ಇನ್ನಿಬ್ಬರನ್ನು ತೋರಿಸುತ್ತ ಹೋಗುವ ಸ್ನೋಬಾಲ್ ಮಾದರಿ ಬಳಕೆಯಲ್ಲಿದೆ. ಪರಿಚಯದ ಬಲೆ ದೊಡ್ಡದಿರುವವರೇ ಅದರಲ್ಲಿ ಹೆಚ್ಚು ಸಿಗುತ್ತಾರೆ. ದಕ್ಷಿಣ ಭಾರತದ ಎಚ್‌ಐವಿ ಸಮೀಕ್ಷೆಗಳಲ್ಲಿ ಇದಕ್ಕಿಂತ ಗಟ್ಟಿಯಾದ ದಾರಿಯೊಂದನ್ನು ಬಳಸಿದರು. ಜನರ ಪಟ್ಟಿ ಸಿಗದಿದ್ದರೆ ಜಾಗ ಮತ್ತು ಹೊತ್ತಿನ ಪಟ್ಟಿ ಮಾಡುವುದು. ಬಸ್ ನಿಲ್ದಾಣದ ಹಿಂಬದಿ, ಶುಕ್ರವಾರ ಸಂಜೆ ಏಳರಿಂದ ಒಂಬತ್ತು ಎಂಬುದು ಒಂದು ಘಟಕ, ಅದೇ ಜಾಗದ ಮಂಗಳವಾರ ಮಧ್ಯಾಹ್ನ ಇನ್ನೊಂದು. ಈ ಘಟಕಗಳಲ್ಲಿ ಚೀಟಿ ಎತ್ತಿ, ಬಂದ ಹೊತ್ತಿಗೆ ಆ ಜಾಗಕ್ಕೆ ಹೋಗಿ ಅಲ್ಲಿದ್ದವರನ್ನು ಮಾತಾಡಿಸುತ್ತಾರೆ. ವಾರಕ್ಕೆ ಐದು ಸಲ ಅಲ್ಲಿಗೆ ಬರುವವರು ಸಿಗುವ ಸಂಭವ ಹೆಚ್ಚಾದ್ದರಿಂದ "ವಾರಕ್ಕೆ ಎಷ್ಟು ಸಲ ಬರುತ್ತೀರಿ?" ಎಂದೂ ಕೇಳಿಕೊಂಡರೆ ಅದನ್ನು ತೂಕದಲ್ಲಿ ಸರಿದೂಗಿಸಬಹುದು.

ಕೋಟಾ ಮಾದರಿಯ ಕಥೆ ಅಮೆರಿಕದಲ್ಲಿ 1948ರಲ್ಲೇ ಬಯಲಾಯಿತು. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಬಡವರು ಎಂದು ಲೆಕ್ಕ ಕೊಟ್ಟು, ಆ ಲೆಕ್ಕದೊಳಗೆ ಯಾರನ್ನು ಕೇಳಬೇಕೆಂಬುದನ್ನು ಸಮೀಕ್ಷಕರಿಗೇ ಬಿಟ್ಟಿದ್ದರು. ಗ್ಯಾಲಪ್ ಸಂಸ್ಥೆಯ ಸಮೀಕ್ಷೆ ಡ್ಯೂಯಿ ಸುಮಾರು ಐದು ಅಂಶ ಮುಂದಿದ್ದಾರೆಂದು ಹೇಳಿತು, ಗೆದ್ದದ್ದು ಟ್ರೂಮನ್. ಸಮೀಕ್ಷೆಯನ್ನು ಮತದಾನಕ್ಕೆ ಬಹಳ ಮೊದಲೇ ನಿಲ್ಲಿಸಿದ್ದೂ ಒಂದು ಕಾರಣ. ಇನ್ನೊಂದು, ಕೋಟಾದೊಳಗೆ ಸಮೀಕ್ಷಕರು ಸುಲಭಕ್ಕೆ ಸಿಕ್ಕ, ಸ್ವಲ್ಪ ಅನುಕೂಲಸ್ಥರನ್ನೇ ಆರಿಸಿಕೊಂಡಿದ್ದು.

ಎಂ.ಎ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈಗ ಕಾಣುವುದು ಬಹುಪಾಲು ವಾಟ್ಸಾಪ್ ಗುಂಪಿಗೆ ಕಳಿಸಿದ ಗೂಗಲ್ ಫಾರ್ಮ್. "100 ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಲಾಯಿತು" ಎಂದು ವಿಧಾನದ ಅಧ್ಯಾಯದಲ್ಲಿ ಬರೆದಿರುತ್ತದೆ. ಸಿಕ್ಕಿದವರು ಸಿಕ್ಕಿದಂತೆ ತುಂಬಿದ್ದಕ್ಕೆ ಅನುಕೂಲದ ಮಾದರಿ, ಕನ್ವೀನಿಯೆನ್ಸ್ ಸ್ಯಾಂಪಲ್ ಎಂಬ ಹೆಸರಿದೆ. ಹಾಗೆಂದೇ ಬರೆದರೆ ಅವಮಾನವೇನಿಲ್ಲ. ಪ್ರಶ್ನಾವಳಿ ಪರೀಕ್ಷಿಸಲು ಅದು ಸಾಕು, ಊರಿನ ಶೇಕಡಾವಾರು ಹೇಳಲು ಸಾಲದು.

ನಿಜವಾದ ಮಾದರಿ ಬೇಕೆನ್ನುವ ವಿದ್ಯಾರ್ಥಿಗೆ ಕೈಗೆ ಸುಲಭವಾಗಿ ಸಿಗುವ ಪಟ್ಟಿ ಮತದಾರರ ಪಟ್ಟಿ. ಲೋಕನೀತಿ-ಸಿಎಸ್‌ಡಿಎಸ್‌ನ ಚುನಾವಣಾ ಅಧ್ಯಯನಗಳೂ ಮತಗಟ್ಟೆ ಆರಿಸಿ, ಅಲ್ಲಿನ ಮತದಾರರ ಪಟ್ಟಿಯಿಂದ ಅಂತರ ಹಾಕಿ ಹೆಸರು ಎತ್ತುವ ಕ್ರಮವನ್ನೇ ಅನುಸರಿಸುತ್ತವೆ. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಒಂದೊಂದು ಮತಗಟ್ಟೆಯ ಪಟ್ಟಿ ಭಾಗವಾರು ಸಿಗುತ್ತದೆ. ಒಂದು ಭಾಗದಲ್ಲಿ 900 ಹೆಸರಿದ್ದು 30 ಮಂದಿ ಬೇಕಾದರೆ ಅಂತರ 30, ಮೊದಲ ಸಂಖ್ಯೆ ಚೀಟಿಯಿಂದ. ಹದಿನೆಂಟರ ಕೆಳಗಿನವರು, ಬೇರೆ ಊರಿನಲ್ಲಿ ಮತ ಇರುವ ಬಾಡಿಗೆದಾರರು ಅದರಲ್ಲಿ ಬರುವುದಿಲ್ಲ. ಸತ್ತವರು, ಮದುವೆಯಾಗಿ ಹೋದವರು ಇನ್ನೂ ಇರುತ್ತಾರೆ. ಅಷ್ಟನ್ನೂ ಬರೆದು, ಕೆಳಗೆ ಒಂದು ಸಾಲು ಸೇರಿಸಬೇಕು: 30 ಹೆಸರಿನಲ್ಲಿ ಎಷ್ಟು ಮಂದಿ ಸಿಕ್ಕರು, ಎಷ್ಟು ಮಂದಿ ಊರಲ್ಲಿರಲಿಲ್ಲ, ಎಷ್ಟು ಮಂದಿ ಒಲ್ಲೆ ಅಂದರು, ಪ್ರತಿಯೊಬ್ಬರ ಮನೆಗೆ ಎಷ್ಟು ಸಲ ಹೋದದ್ದು. ವೈವಾದಲ್ಲಿ ಪರೀಕ್ಷಕರು ಮೊದಲು ಕೇಳುವುದು ಆ ಸಾಲನ್ನೇ.